ನಿರೀಕ್ಷಿತ ವೇತನ: ಒಂದೇ ಸಂಖ್ಯೆಯ ಖಾನೆಯಲ್ಲಿ ಏನು ಬರೆಯಬೇಕು?

ಹೊಸಪೇಟೆ: ಆನ್‌ಲೈನ್ ಉದ್ಯೋಗ ಅರ್ಜಿಯಲ್ಲಿ ಹೆಸರು, ವಿದ್ಯಾರ್ಹತೆ ಮತ್ತು ಅನುಭವದ ವಿವರಗಳನ್ನು ಸಲೀಸಾಗಿ ತುಂಬುವ ಅಭ್ಯರ್ಥಿಯ ಬೆರಳು ಒಂದು ಖಾನೆಯ ಮುಂದೆ ತಡವರಿಸುತ್ತದೆ. ಅದು `Expected CTC` ಅಥವಾ `Expected Salary` ಎಂಬ ಖಾನೆ. ಅಲ್ಲಿ ‘ಚರ್ಚಿಸಿ ನಿರ್ಧರಿಸೋಣ’ ಎಂದು ಬರೆಯಲು ಅವಕಾಶವಿಲ್ಲ. ‘ಮೂರೂವರೆಯಿಂದ ನಾಲ್ಕು ಲಕ್ಷ’ ಎಂದರೂ ಪುಟ ಒಪ್ಪುವುದಿಲ್ಲ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಸಾಗುವುದಿಲ್ಲ. ಒಂದು ಸಂಖ್ಯೆ, ಒಂದೇ ಸಂಖ್ಯೆ ಬೇಕು.

ಸರ್ಕಾರಿ ನೇಮಕಾತಿಗೆ ಒಗ್ಗಿಕೊಂಡವರಿಗೆ ಈ ಪ್ರಶ್ನೆ ಹೊಸದು. ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಯಲ್ಲಾಗಲಿ, ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಗಣಿ ಹೊಂದಿರುವ ಸಾರ್ವಜನಿಕ ವಲಯದ ಎನ್‌ಎಂಡಿಸಿಯ ಪ್ರಕಟಣೆಯಲ್ಲಾಗಲಿ ವೇತನ ಶ್ರೇಣಿ ಮೊದಲೇ ಮುದ್ರಿತವಾಗಿರುತ್ತದೆ. ಅಭ್ಯರ್ಥಿಯನ್ನು ‘ನಿಮಗೆಷ್ಟು ಬೇಕು’ ಎಂದು ಯಾರೂ ಕೇಳುವುದಿಲ್ಲ. ಖಾಸಗಿ ವಲಯದ ಕ್ರಮ ಇದಕ್ಕೆ ತದ್ವಿರುದ್ಧ. ತೋರಣಗಲ್ಲು ಸುತ್ತಲಿನ ಉಕ್ಕು ಉದ್ಯಮ ಮತ್ತು ಅದರ ಗುತ್ತಿಗೆ ಸಂಸ್ಥೆಗಳು, ಸಂಡೂರಿನ ಗಣಿಗಳು, ಹಂಪಿ ಆಸುಪಾಸಿನ ಹೋಟೆಲುಗಳು, ಕಂಪ್ಲಿ ಭಾಗದಲ್ಲಿ ಗೊಬ್ಬರ, ಬೀಜ ಮತ್ತು ಸಾಲ ವಿತರಣೆಯ ಕಂಪನಿಗಳು ಸೇರಿದಂತೆ ಎಲ್ಲೆಡೆ ಉದ್ಯೋಗಾಕಾಂಕ್ಷಿಯೇ ಮೊದಲು ಬೆಲೆ ಹೇಳಬೇಕಾದ ಪ್ರಸಂಗ ಬರುತ್ತದೆ.

ಈ ಖಾನೆಯಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡದು ಹೆಚ್ಚು ಕೇಳುವುದೂ ಅಲ್ಲ, ಕಡಿಮೆ ಕೇಳುವುದೂ ಅಲ್ಲ. ಕೈಗೆ ಬರುವ ಸಂಬಳವನ್ನು ಹನ್ನೆರಡರಿಂದ ಗುಣಿಸಿ ಸಿಟಿಸಿ ಎಂದು ಬರೆದುಬಿಡುವುದು. ಅದರಿಂದಾಗುವ ನಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಸಿಟಿಸಿ ಎಂದರೆ ಸಂಬಳವಲ್ಲ

ಸಿಟಿಸಿ ಎಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. ಅದರಲ್ಲಿ ನೌಕರನ ಬ್ಯಾಂಕ್ ಖಾತೆಗೆ ಎಂದೂ ನೇರವಾಗಿ ಬಾರದ ಮೊತ್ತಗಳೂ ಸೇರಿರುತ್ತವೆ.

ಮೊದಲನೆಯದು ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು. ಇದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು. ಕಾನೂನಿನ ಪ್ರಕಾರ ಕಡ್ಡಾಯ ಲೆಕ್ಕಕ್ಕೆ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮಿತಿ ತಿಂಗಳಿಗೆ 15,000 ರೂ. ಆ ಮಿತಿಗೆ ನಿಲ್ಲಿಸುವ ಕಂಪನಿ 1,800 ರೂ. ಕಟ್ಟುತ್ತದೆ. ಅಷ್ಟೇ ಮೊತ್ತ ನೌಕರನ ಸಂಬಳದಿಂದಲೂ ಕಡಿತವಾಗುತ್ತದೆ. ಎರಡೂ ಪಾಲು ಸಿಟಿಸಿಯೊಳಗೇ ಇರುವುದು ವಾಡಿಕೆ.

ಎರಡನೆಯದು ಗ್ರಾಚ್ಯುಯಿಟಿ. ವರ್ಷವೊಂದರ ಸೇವೆಗೆ ಹದಿನೈದು ದಿನದ ಸಂಬಳ, ತಿಂಗಳಿಗೆ 26 ದಿನ ಎಂಬ ಸೂತ್ರದಂತೆ ಇದು ಮೂಲ ವೇತನದ ಶೇ 4.81 ಆಗುತ್ತದೆ. ಈ ಹಣ ಕೈಸೇರಲು ಕಾಯಂ ನೌಕರನು ಸಾಮಾನ್ಯವಾಗಿ ಐದು ವರ್ಷ ಸೇವೆ ಪೂರೈಸಬೇಕು. ಎರಡೇ ವರ್ಷದಲ್ಲಿ ಕೆಲಸ ಬಿಡುವವನಿಗೆ ಇದು ಕಾಗದದ ಮೇಲಿನ ಮೊತ್ತ ಮಾತ್ರ. ಆದರೂ ಸಿಟಿಸಿಯಲ್ಲಿ ಅದನ್ನು ಎಣಿಸಲಾಗಿರುತ್ತದೆ.

ಮೂರನೆಯದು ವೈದ್ಯಕೀಯ ರಕ್ಷಣೆ. ತಿಂಗಳ ವೇತನ 21,000 ರೂ. ಮೀರದವರಿಗೆ ಇಎಸ್‌ಐ ಅನ್ವಯವಾಗುತ್ತದೆ. 2019ರ ಜುಲೈಯಿಂದ ನೌಕರನ ಪಾಲು ಶೇ 0.75, ಕಂಪನಿಯ ಪಾಲು ಶೇ 3.25. ವೇತನ ಆ ಗಡಿ ದಾಟಿದರೆ ಇಎಸ್‌ಐ ಇಲ್ಲ. ಬಹಳಷ್ಟು ಕಂಪನಿಗಳು ಆಗ ಗುಂಪು ವಿಮೆ ಕೊಟ್ಟು, ಅದರ ಕಂತನ್ನು ಸಿಟಿಸಿಗೆ ಸೇರಿಸುತ್ತವೆ.

ಇವುಗಳ ಜೊತೆಗೆ ವೃತ್ತಿ ತೆರಿಗೆ ಇದೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂ. ಅಥವಾ ಅದಕ್ಕಿಂತ ಹೆಚ್ಚು ವೇತನ ಪಡೆಯುವವರಿಗೆ ಮಾತ್ರ ಇದು ಅನ್ವಯ. ಫೆಬ್ರುವರಿ ಹೊರತುಪಡಿಸಿ ತಿಂಗಳ ಕಡಿತ 200 ರೂ.

ಒಂದು ಮಾದರಿ ಲೆಕ್ಕ

ಹೊಸಪೇಟೆಯಲ್ಲಿ ಮನೆಯ ಸಮೀಪದ ವರ್ಕ್‌ಶಾಪಿನಲ್ಲಿ ದುಡಿಯುವ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೂರು ವರ್ಷ ಅನುಭವ ಗಳಿಸಿದ ಯುವಕನೊಬ್ಬನನ್ನು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಳ್ಳೋಣ. ಅವನ ಒಟ್ಟು ವೇತನ ತಿಂಗಳಿಗೆ 20,000 ರೂ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000, ಮನೆ ಬಾಡಿಗೆ ಭತ್ಯೆ 5,000. ಪಿಎಫ್‌ಗೆ 1,800 ಮತ್ತು ಇಎಸ್‌ಐಗೆ 150 ಕಡಿತವಾಗಿ ಕೈಗೆ ಬರುವುದು 18,050 ರೂ.

ಈಗ ಅವನು ತೋರಣಗಲ್ಲು ಕಡೆಯ ಸಂಸ್ಥೆಯೊಂದಕ್ಕೆ ಅರ್ಜಿ ಹಾಕುತ್ತಿದ್ದಾನೆ. ಅವನಿಗೆ ಕೈಗೆ 26,000 ರೂ. ಬರಬೇಕೆಂಬ ಆಸೆ. 26,000ವನ್ನು ಹನ್ನೆರಡರಿಂದ ಗುಣಿಸಿ 3,12,000 ಎಂದು ಸಿಟಿಸಿ ಖಾನೆಯಲ್ಲಿ ಬರೆಯುತ್ತಾನೆ. ಕಂಪನಿ ಅದನ್ನು ಮರುಮಾತಿಲ್ಲದೆ ಒಪ್ಪುತ್ತದೆ. ಮೊದಲ ತಿಂಗಳ ಸಂಬಳ ಎಷ್ಟಾಗಬಹುದು?

ತಿಂಗಳ ಸಿಟಿಸಿ 26,000. ಅದರಿಂದ ಕಂಪನಿಯ ಪಿಎಫ್ ಪಾಲು 1,800, ಗ್ರಾಚ್ಯುಯಿಟಿ 722, ವಿಮೆಯ ಕಂತು ತಿಂಗಳಿಗೆ 500 ಎಂದಿಟ್ಟುಕೊಂಡರೆ ಒಟ್ಟು 3,022 ರೂ. ಮೊದಲೇ ಹೋಯಿತು. ಉಳಿದ ಒಟ್ಟು ವೇತನ 22,978. ಅದರಲ್ಲಿ ಅವನ ಪಿಎಫ್ ಪಾಲು 1,800 ಕಳೆದರೆ ಕೈಗೆ ಬರುವುದು 21,178 ರೂ. ಅಪೇಕ್ಷಿಸಿದ್ದಕ್ಕಿಂತ ತಿಂಗಳಿಗೆ 4,822 ರೂ. ಕಡಿಮೆ.

‘ಆದರೂ ಹಳೆಯ ಸಂಬಳಕ್ಕಿಂತ ಮೂರು ಸಾವಿರ ಹೆಚ್ಚಲ್ಲವೇ’ ಎಂದು ಸಮಾಧಾನಪಡುವಂತಿಲ್ಲ. ಹೊಸಪೇಟೆಯಿಂದ ತೋರಣಗಲ್ಲಿಗೆ ಸುಮಾರು 30 ಕಿ.ಮೀ. ಕಂಪನಿಯ ಬಸ್ ಸೌಲಭ್ಯ ಇಲ್ಲದಿದ್ದರೆ ತಿಂಗಳಿಗೆ 26 ದಿನ ಬೈಕಿನಲ್ಲಿ ಹೋಗಿ ಬರಲು 1,560 ಕಿ.ಮೀ. ಆಗುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಬೈಕಿಗೆ ಸುಮಾರು 35 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿಯ ಆಸುಪಾಸು ಎಂದರೂ 3,500 ರೂ. ಖರ್ಚು. ಅಷ್ಟೇ ಅಲ್ಲ. ವೇತನ 21,000 ದಾಟಿದ್ದರಿಂದ ಇಎಸ್‌ಐ ರಕ್ಷಣೆ ತಪ್ಪಿತು. ಇಎಸ್‌ಐನಲ್ಲಿ ಅವಲಂಬಿತ ತಂದೆ ತಾಯಿಗೂ ಚಿಕಿತ್ಸೆ ದೊರೆಯುತ್ತಿತ್ತು. ಗುಂಪು ವಿಮೆ ನೌಕರನಿಗಷ್ಟೇ ಸೀಮಿತವಾಗಿದ್ದರೆ ಮನೆಮಂದಿಯ ಆಸ್ಪತ್ರೆ ವೆಚ್ಚಕ್ಕೆ ತಿಂಗಳಿಗೆ ಸಾವಿರ ರೂಪಾಯಿಯಾದರೂ ಎತ್ತಿಡಬೇಕು. ಅಂದರೆ ಹಳೆಯ 18,050ಕ್ಕೆ ಈ 4,500 ಸೇರಿಸಿ 22,550 ರೂ. ಬಂದರೆ ಮಾತ್ರ ಅವನು ಮೊದಲಿದ್ದ ಸ್ಥಿತಿಯಲ್ಲೇ ಉಳಿಯುತ್ತಾನೆ. 21,178ಕ್ಕೆ ಸೇರಿದವನು ಬಡ್ತಿ ಸಿಕ್ಕಿತೆಂದುಕೊಂಡು ತಿಂಗಳಿಗೆ 1,372 ರೂ. ಕಳೆದುಕೊಂಡಿರುತ್ತಾನೆ.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಸರಿಯಾದ ಕ್ರಮವೆಂದರೆ ಕೈಗೆ ಬರಬೇಕಾದ ಮೊತ್ತದಿಂದ ಆರಂಭಿಸಿ ಸಿಟಿಸಿಯತ್ತ ಸಾಗುವುದು. ಅದೇ ಯುವಕನ 26,000ಕ್ಕೆ ಅವನ ಪಿಎಫ್ ಪಾಲು 1,800 ಮತ್ತು ವೃತ್ತಿ ತೆರಿಗೆ 200 ಸೇರಿಸಿದರೆ ಒಟ್ಟು ವೇತನ 28,000 ಆಗುತ್ತದೆ. ಅದಕ್ಕೆ ಕಂಪನಿ ಕಡೆಯ 3,022 ಸೇರಿಸಿದರೆ ತಿಂಗಳ ಸಿಟಿಸಿ 31,022. ವರ್ಷಕ್ಕೆ 3,72,264 ರೂ. ಅಂದರೆ ಅವನು ಬರೆಯಬೇಕಿದ್ದುದು 3.12 ಅಲ್ಲ, 3.72 ಲಕ್ಷ.

ಇದೇ ರೀತಿಯಲ್ಲಿ ಕನಿಷ್ಠ ಮೊತ್ತವನ್ನೂ ಕಂಡುಕೊಳ್ಳಬೇಕು. ಇದಕ್ಕಿಂತ ಕಡಿಮೆಯಾದರೆ ಈಗಿನ ಕೆಲಸವೇ ಲೇಸು ಎನ್ನಬಹುದಾದ ಗೆರೆ ಅದು. ನಮ್ಮ ಉದಾಹರಣೆಯಲ್ಲಿ ಕೈಗೆ 23,000 ಎಂದಿಟ್ಟುಕೊಂಡರೆ ಒಟ್ಟು ವೇತನ 24,800. ಅದು 25,000ಕ್ಕಿಂತ ಕಡಿಮೆಯಾದ್ದರಿಂದ ವೃತ್ತಿ ತೆರಿಗೆ ಇಲ್ಲ. ತಿಂಗಳ ಸಿಟಿಸಿ 27,822, ವರ್ಷಕ್ಕೆ ಸುಮಾರು 3.34 ಲಕ್ಷ.

ಈ ಲೆಕ್ಕಕ್ಕೂ ಮಿತಿಗಳಿವೆ. ಕಂಪನಿಯು ಪಿಎಫ್ ಅನ್ನು 15,000ದ ಮಿತಿಗೆ ನಿಲ್ಲಿಸದೆ ಪೂರ್ಣ ಮೂಲ ವೇತನದ ಮೇಲೆ ಲೆಕ್ಕ ಹಾಕಿದರೆ ಕೈಗೆ ಬರುವ ಹಣ ಇನ್ನೂ ತಗ್ಗುತ್ತದೆ, ಉಳಿತಾಯ ಹೆಚ್ಚುತ್ತದೆ. ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದ್ದು, ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಲಾಗುತ್ತದೆ. ಮೂಲ ವೇತನವನ್ನು ತೀರಾ ಕಡಿಮೆ ಇಟ್ಟು ಭತ್ಯೆಗಳನ್ನು ಹಿಗ್ಗಿಸಿದ್ದ ಸಂಸ್ಥೆಗಳಲ್ಲಿ ಗ್ರಾಚ್ಯುಯಿಟಿಯ ಭಾಗ ಇದರಿಂದ ಏರುತ್ತದೆ. ಆದಾಯ ತೆರಿಗೆಯ ಚಿಂತೆ ಮಾತ್ರ ಈ ಮಟ್ಟದ ಸಂಬಳದಲ್ಲಿ ಇಲ್ಲ.

ಇನ್ನೊಂದು ಬಲೆ ‘ವೇರಿಯಬಲ್’ ಎಂಬ ಭಾಗ. 3.75 ಲಕ್ಷದ ಸಿಟಿಸಿಯಲ್ಲಿ ಶೇ 10ರಷ್ಟು ಕಾರ್ಯಕ್ಷಮತೆಗೆ ಮೀಸಲು ಎಂದಾದರೆ 37,500 ರೂ. ತಿಂಗಳ ಸಂಬಳದಿಂದ ಹೊರಗುಳಿಯುತ್ತದೆ. ಆಗ ಕೈಗೆ ಬರುವುದು 26,228 ಅಲ್ಲ, ಸುಮಾರು 23,100 ರೂ. ಅರ್ಜಿಯ ಖಾನೆ ಇದನ್ನು ಹೇಳುವುದಿಲ್ಲ. ದೂರವಾಣಿ ಕರೆ ಬಂದಾಗ ಅಭ್ಯರ್ಥಿಯೇ ಕೇಳಬೇಕು.

ಹಾಗಾದರೆ ಬರೆಯಬೇಕಾದ ಸಂಖ್ಯೆ ಯಾವುದು?

ಈಗ ಯುವಕನ ಬಳಿ ಎರಡು ಸಂಖ್ಯೆಗಳಿವೆ. ಕನಿಷ್ಠ 3.34, ಅಪೇಕ್ಷಿತ 3.72. ಖಾನೆಯಲ್ಲಿ ಕನಿಷ್ಠವನ್ನು ಬರೆಯಬಾರದು. ಅರ್ಜಿಯಲ್ಲಿ ಬರೆದ ಸಂಖ್ಯೆಯೇ ಚೌಕಾಸಿಯ ಛಾವಣಿಯಾಗುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಸಂಸ್ಥೆಗಳು ವಿರಳ. ಚೌಕಾಸಿಗೆಂದು ಐದು ಲಕ್ಷ ಬರೆಯುವುದೂ ಜಾಣತನವಲ್ಲ. ನೌಕರಿ ಡಾಟ್ ಕಾಮ್‌ನಂಥ ತಾಣಗಳಲ್ಲಿ ನೇಮಕಾತಿ ಅಧಿಕಾರಿಗಳು ವೇತನದ ಕನಿಷ್ಠ ಮತ್ತು ಗರಿಷ್ಠ ಮಿತಿ ಕೊಟ್ಟು ಅಭ್ಯರ್ಥಿಗಳನ್ನು ಸೋಸಬಹುದು. ಹುದ್ದೆಗೆ ನಾಲ್ಕು ಲಕ್ಷದ ಮಿತಿ ಇದ್ದರೆ ಐದು ಬರೆದವನ ಅರ್ಜಿಯನ್ನು ಯಾರೂ ತೆರೆದು ನೋಡದೆಯೂ ಇರಬಹುದು.

ಆದ್ದರಿಂದ ಅಪೇಕ್ಷಿತ ಮೊತ್ತವನ್ನು ತುಸು ಮೇಲಕ್ಕೆ ದುಂಡಾಗಿಸಿ ಬರೆಯುವುದು ಸೂಕ್ತ. ಇಲ್ಲಿ 3.75 ಲಕ್ಷ, ಅನುಭವಕ್ಕೆ ಬೇಡಿಕೆ ಇರುವ ಹುದ್ದೆಯಾದರೆ 3.9 ಲಕ್ಷ. ಜಾಹೀರಾತಿನಲ್ಲಿ ಶ್ರೇಣಿ ನಮೂದಾಗಿದ್ದರೆ ಅದಕ್ಕೇ ಮೊದಲ ಮಣೆ. ‘ಮೂರರಿಂದ ಮೂರೂವರೆ ಲಕ್ಷ’ ಎಂದಿದ್ದರೆ 3.5 ಬರೆಯಬೇಕು. ಅದು ಅಪೇಕ್ಷೆಗಿಂತ ಕಡಿಮೆ, ಆದರೆ ಕನಿಷ್ಠಕ್ಕಿಂತ ಮೇಲಿದೆ. ಶ್ರೇಣಿಯ ತುದಿಯೇ 3.34 ಮುಟ್ಟದಿದ್ದರೆ ಆ ಅರ್ಜಿಯನ್ನು ಬಿಡುವುದೇ ಲೇಸು.

0, 1 ಅಥವಾ 999999 ಎಂದು ಬರೆದು ಪ್ರಶ್ನೆಯಿಂದ ನುಣುಚಿಕೊಳ್ಳುವ ಸಲಹೆಯೂ ಬಾಯಿಂದ ಬಾಯಿಗೆ ಹರಡಿದೆ. ಅರ್ಜಿಯನ್ನು ಮನುಷ್ಯರೇ ಓದುವ ಸಣ್ಣ ಸಂಸ್ಥೆಯಲ್ಲಿ ಸೊನ್ನೆಯನ್ನು ‘ಮಾತನಾಡೋಣ’ ಎಂದು ಅರ್ಥ ಮಾಡಿಕೊಳ್ಳಬಹುದು. ಆದರೆ ಸೋಸುವ ತಂತ್ರಾಂಶಕ್ಕೆ ಸೊನ್ನೆ ಎಂದರೆ ಸೊನ್ನೆಯೇ. ಮೂರರಿಂದ ನಾಲ್ಕು ಲಕ್ಷದ ನಡುವಿನವರನ್ನು ಹುಡುಕಿದಾಗ ಸೊನ್ನೆ ಬರೆದವನೂ ಸಿಗುವುದಿಲ್ಲ, ಒಂಬತ್ತುಗಳ ಸಾಲು ಬರೆದವನೂ ಸಿಗುವುದಿಲ್ಲ.

ಖಾನೆಯ ಕೀಟಲೆಗಳು

ಸಂಖ್ಯೆ ಸರಿಯಿದ್ದರೂ ಖಾನೆ ಅದನ್ನು ಕೆಡಿಸಬಲ್ಲದು. ಮೊದಲು ನೋಡಬೇಕಾದದ್ದು ಮಾನ. ತಿಂಗಳಿಗೋ, ವರ್ಷಕ್ಕೋ? ರೂಪಾಯಿಯಲ್ಲೋ, ಲಕ್ಷದಲ್ಲೋ? `LPA` ಎಂದಿದ್ದರೆ ವರ್ಷಕ್ಕೆ ಎಷ್ಟು ಲಕ್ಷ ಎಂದರ್ಥ, ಅಲ್ಲಿ 3.75 ಎಂದು ಬರೆಯಬೇಕು. `per annum` ಎಂದಷ್ಟೇ ಇದ್ದರೆ 375000. ಏನೂ ಸೂಚಿಸದೆ `Expected CTC` ಎಂದು ಮಾತ್ರ ಇದ್ದರೆ, ಸಿಟಿಸಿ ವಾರ್ಷಿಕ ಮೊತ್ತವೇ ಆದ್ದರಿಂದ ಪೂರ್ಣ ರೂಪಾಯಿಯಲ್ಲಿ ಬರೆಯುವುದು ಕ್ಷೇಮ. ಪಕ್ಕದಲ್ಲೇ ಈಗಿನ ವೇತನದ ಖಾನೆ ಇದ್ದರೆ ಎರಡಕ್ಕೂ ಒಂದೇ ಮಾನವಿರಬೇಕು. ಅಲ್ಲಿ ಕೈಗೆ ಬರುವ 18,050 ಬರೆದು ಇಲ್ಲಿ 375000 ಬರೆದರೆ ಓದುವವರಿಗೆ ಕಾಣುವುದು ಇಪ್ಪತ್ತು ಪಟ್ಟು ಹೆಚ್ಚಳದ ಬೇಡಿಕೆ.

ಸಂಖ್ಯೆಗಷ್ಟೇ ಮೀಸಲಾದ ಖಾನೆಗೆ ಅಲ್ಪವಿರಾಮ ಹಿಡಿಸುವುದಿಲ್ಲ. 3,75,000 ಎಂದು ಬರೆಯದೆ 375000 ಎಂದೇ ಬರೆಯಬೇಕು. ಕನ್ನಡ ಅಂಕಿಗಳೂ ಅಲ್ಲಿ ನಡೆಯವು. ಕೆಲವು ಪುಟಗಳು ದಶಮಾಂಶವನ್ನೂ ತಿರಸ್ಕರಿಸುತ್ತವೆ. ಪುಟ ರಚಿಸಿದವರು ಬೇರೆ ಸೂಚನೆ ಕೊಡದಿದ್ದರೆ ಬ್ರೌಸರ್ ಪೂರ್ಣಾಂಕಗಳನ್ನು ಮಾತ್ರ ಒಪ್ಪುವುದೇ ಇದಕ್ಕೆ ಕಾರಣ. 3.75 ಬರೆದಾಗ ‘ಹತ್ತಿರದ ಮಾನ್ಯ ಸಂಖ್ಯೆಗಳು 3 ಮತ್ತು 4’ ಎಂಬರ್ಥದ ಸಂದೇಶ ಬಂದರೆ 4 ಎಂದು ಬರೆದು, ನಿಜವಾದ ಮೊತ್ತವನ್ನು ಷರಾ ಖಾನೆಯಲ್ಲಿ ತಿಳಿಸಬೇಕು. 3 ಬರೆದರೆ ಕನಿಷ್ಠಕ್ಕಿಂತಲೂ ಕೆಳಗೆ ಹೋದಂತೆ.

ಕಂಪ್ಯೂಟರಿನಲ್ಲಿ ಅರ್ಜಿ ತುಂಬುವವರು ಇನ್ನೊಂದನ್ನು ಗಮನಿಸಬೇಕು. ಸಂಖ್ಯೆ ಬರೆದು ಕರ್ಸರ್ ಅಲ್ಲೇ ಇರುವಾಗ ಮೌಸಿನ ಚಕ್ರ ತಿರುಗಿಸಿದರೆ ಕೆಲವು ಬ್ರೌಸರ್‌ಗಳಲ್ಲಿ ಪುಟ ಸರಿಯುವ ಬದಲು ಸಂಖ್ಯೆಯೇ ಏರಿಳಿಯುತ್ತದೆ. 375000 ಇದ್ದದ್ದು 374997 ಆಗಿದ್ದರೆ ಹೀಗಾಗಿದೆ ಎಂದು ತಿಳಿಯಬಹುದು. ಪೂರ್ಣ ರೂಪಾಯಿಯ ಖಾನೆಯಲ್ಲಿ ಅದು ನಗೆಪಾಟಲಷ್ಟೇ. ಲಕ್ಷದ ಖಾನೆಯಲ್ಲಿ 4 ಹೋಗಿ 2 ಆದರೆ ವರ್ಷಕ್ಕೆ ಎರಡು ಲಕ್ಷದ ಅಂತರ. ಅರ್ಜಿ ಸಲ್ಲಿಸುವ ಮುನ್ನ ಈ ಖಾನೆಯನ್ನು ಮತ್ತೊಮ್ಮೆ ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ತಿಂಗಳ ನಂತರ ಕರೆ ಬಂದಾಗ ತಾನು ಬರೆದದ್ದೇನು ಎಂಬುದು ಅಭ್ಯರ್ಥಿಗೇ ಮರೆತಿರುತ್ತದೆ.

ಹಂಪಿ, ಕಂಪ್ಲಿ ಕಡೆಯ ಲೆಕ್ಕ ಬೇರೆ

ಹಂಪಿ ಮತ್ತು ಕಮಲಾಪುರ ಭಾಗದ ಹೋಟೆಲು, ರೆಸಾರ್ಟ್‌ಗಳ ಅರ್ಜಿಗಳಲ್ಲಿ ತಿಂಗಳ ಸಂಬಳ ಕೇಳುವುದುಂಟು. ಅಲ್ಲಿ ಊಟ ಮತ್ತು ವಸತಿಯ ಪ್ರಶ್ನೆಯೇ ದೊಡ್ಡದು. ಊಟ, ವಸತಿ ಸಹಿತ 18,000 ಎಂಬುದೂ, ಅವಿಲ್ಲದೆ 22,000 ಎಂಬುದೂ ಹೊರಗಿನಿಂದ ಬರುವವನ ಪಾಲಿಗೆ ಹೆಚ್ಚುಕಡಿಮೆ ಒಂದೇ ಆಗಬಹುದು. ಖಾನೆಯಲ್ಲಿ ನಗದು ಮೊತ್ತವನ್ನೇ ಬರೆದು, ಅದು ವಸತಿ ಸಹಿತವೋ ರಹಿತವೋ ಎಂಬುದನ್ನು ಷರಾದಲ್ಲಿ ಹೇಳಬೇಕು. ಪ್ರವಾಸಿಗರು ಹೆಚ್ಚು ಬರುವ ಚಳಿಗಾಲದ ತಿಂಗಳುಗಳ ಟಿಪ್ಸ್ ಮತ್ತು ಸೇವಾ ಶುಲ್ಕದ ಪಾಲನ್ನು ಈ ಸಂಖ್ಯೆಗೆ ಸೇರಿಸಬಾರದು. ಬೇಸಿಗೆಯಲ್ಲಿ ಅದು ಇರುವುದಿಲ್ಲ.

ಕಂಪ್ಲಿ ಸುತ್ತಲಿನ ಭತ್ತದ ಸೀಮೆಯಲ್ಲಿ ಗೊಬ್ಬರ, ಕೀಟನಾಶಕ ಮಾರಾಟ ಅಥವಾ ಸಾಲ ವಸೂಲಿಯ ಕೆಲಸಕ್ಕೆ ಹೋಗುವವರ ಸಂಬಳದಲ್ಲಿ ಸ್ಥಿರ ವೇತನ, ಪ್ರೋತ್ಸಾಹಧನ ಮತ್ತು ಪೆಟ್ರೋಲ್ ಭತ್ಯೆ ಎಂಬ ಮೂರು ಭಾಗಗಳಿರುತ್ತವೆ. ಬರೆಯಬೇಕಾದದ್ದು ಸ್ಥಿರ ಭಾಗವನ್ನು. ಬೆಳೆ ಕೈಕೊಟ್ಟ ವರ್ಷ ಪ್ರೋತ್ಸಾಹಧನವೂ ಕೈಕೊಡುತ್ತದೆ.

ಕರೆ ಬಂದಾಗ

ಷರಾ ಬರೆಯಲು ಜಾಗವಿದ್ದರೆ ಒಂದೇ ವಾಕ್ಯ ಸಾಕು: ‘ನಮೂದಿಸಿದ ಮೊತ್ತ ವಾರ್ಷಿಕ ಸಿಟಿಸಿ, ವೇರಿಯಬಲ್ ಹೊರತುಪಡಿಸಿ, ಸೌಲಭ್ಯಗಳನ್ನು ನೋಡಿ ಚರ್ಚಿಸಲು ಸಿದ್ಧ.’ ಜಾಗವಿಲ್ಲದಿದ್ದರೆ ರೆಸ್ಯೂಮೆಯ ಕೊನೆಯಲ್ಲಿ ಇದೇ ಸಾಲನ್ನು ಸೇರಿಸಬಹುದು.

ಮಾನವ ಸಂಪನ್ಮೂಲ ವಿಭಾಗದಿಂದ ಕರೆ ಬಂದಾಗ ಸಂಭಾಷಣೆ ಹೀಗೆ ಸಾಗಬಹುದು: ‘ಮೇಡಂ, ಅರ್ಜಿಯಲ್ಲಿ ಒಂದೇ ಸಂಖ್ಯೆಗೆ ಅವಕಾಶವಿತ್ತು, ಅದಕ್ಕೆ 3.75 ಎಂದು ಬರೆದೆ. ಕೈಗೆ ತಿಂಗಳಿಗೆ 26,000 ಬರಬೇಕು ಎಂಬುದು ನನ್ನ ಲೆಕ್ಕ. ಹೊಸಪೇಟೆಯಿಂದ ಕಂಪನಿ ಬಸ್ ಇದೆಯೇ, ವಿಮೆಯಲ್ಲಿ ತಂದೆ ತಾಯಿ ಸೇರುತ್ತಾರೆಯೇ, ವೇರಿಯಬಲ್ ಎಷ್ಟು ಎಂದು ತಿಳಿಸಿದರೆ ಮೊತ್ತವನ್ನು ಸ್ವಲ್ಪ ಹೊಂದಿಸಿಕೊಳ್ಳಬಹುದು.’ ಬಸ್ ಇದೆ ಎಂದಾದರೆ ಪೆಟ್ರೋಲಿನ 3,500 ರೂ. ಉಳಿಯಿತು. ಆಗ ಕೈಗೆ 23,000 ಬಂದರೂ ನಷ್ಟವಿಲ್ಲ. ಒಂದೇ ಸಂಖ್ಯೆಯ ಹಿಂದೆ ಹೀಗೊಂದು ಲೆಕ್ಕವಿದ್ದರೆ ಎಲ್ಲಿ ಇಳಿಯಬಹುದು, ಎಲ್ಲಿ ನಿಲ್ಲಬೇಕು ಎಂಬುದು ಸ್ಪಷ್ಟವಾಗಿರುತ್ತದೆ.

ನಿರೀಕ್ಷಿತ ವೇತನ ಅಭ್ಯರ್ಥಿಯ ಇಚ್ಛೆಗೆ ಬಿಟ್ಟದ್ದು, ಈಗಿನ ವೇತನ ಹಾಗಲ್ಲ. ಅದನ್ನು ಹಿಗ್ಗಿಸಿ ಬರೆದರೆ ವೇತನ ಚೀಟಿ, ಬ್ಯಾಂಕ್ ವಿವರ ಮತ್ತು ಪಿಎಫ್ ಪಾಸ್‌ಬುಕ್‌ನಲ್ಲಿ ಬಯಲಾಗುತ್ತದೆ. ಕೊನೆಯ ಹಂತದಲ್ಲಿ ನೇಮಕಾತಿ ಪತ್ರವೇ ರದ್ದಾಗಬಹುದು.

ವೇತನ ಶ್ರೇಣಿಯನ್ನು ಕಂಪನಿಯೇ ಮೊದಲು ಪ್ರಕಟಿಸಬೇಕೆಂಬ ಕಾನೂನು ಕೆಲವೆಡೆ ಬಂದಿದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2021ರಿಂದ, ನ್ಯೂಯಾರ್ಕ್ ನಗರದಲ್ಲಿ 2022ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಜಾಹೀರಾತಿನಲ್ಲಿ ಶ್ರೇಣಿ ನಮೂದಿಸಬೇಕಾಗಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನವು ಅಭ್ಯರ್ಥಿಯ ಹಿಂದಿನ ವೇತನವನ್ನು ಕೇಳುವುದನ್ನೂ ನಿಷೇಧಿಸುತ್ತದೆ. ನಮ್ಮಲ್ಲಿ ಖಾಸಗಿ ಸಂಸ್ಥೆಗಳಿಗೆ ಅಂಥ ಕಟ್ಟುಪಾಡು ಇಲ್ಲ. ದೋಣಿಮಲೈಯ ಹುದ್ದೆಗೆ ಅರ್ಜಿ ಹಾಕುವವನಿಗೆ ವೇತನ ಮೊದಲೇ ಗೊತ್ತಿರುತ್ತದೆ. ಅಲ್ಲಿಂದ ಕೆಲವೇ ಮೈಲಿ ದೂರದ ಖಾಸಗಿ ಹುದ್ದೆಗೆ ಅರ್ಜಿ ಹಾಕುವವನು ಮಾತ್ರ ಸಲ್ಲಿಕೆಯ ಗುಂಡಿ ಒತ್ತುವ ಮುನ್ನ ಕಾಗದದ ಮೇಲೆ ಈ ಲೆಕ್ಕವನ್ನು ತಾನೇ ಮುಗಿಸಿಕೊಳ್ಳಬೇಕು.